ಗುಂಪು ಬಿಡುವ ಮುಂಚೆ

ಕಣ್ಣಿನ ಆಪರೇಷನ್ ಆದಮೇಲೆ ಕುಮುದಿನಿಗೆ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪು ಸಾಕುಸಾಕಾಗಿತ್ತು. ದಿನಕ್ಕೆ ಮುನ್ನೂರು ಮೆಸೇಜು!

“ಮ್ಯೂಟ್ ಮಾಡಿಬಿಡಮ್ಮ, ಯಾರಿಗೂ ಗೊತ್ತಾಗಲ್ಲ,” ಎಂದಳು ಮಗಳು.

“ಆಮೇಲೆ ಯಾರದೋ ಹುಟ್ಟುಹಬ್ಬಕ್ಕೆ ವಿಶ್ ಮಾಡ್ಲಿಲ್ಲ ಅಂದ್ರೆ ಕೊಬ್ಬು ಅಂತಾರೆ. ಹೇಳಿಯೇ ಹೊರಗೆ ಬರ್ತೀನಿ.”

ಯಾರ ಮನಸ್ಸೂ ನೋಯಬಾರದೆಂದು ಎರಡು ದಿನ ಕೂತು ಉದ್ದಕ್ಕೆ ಬರೆದಳು. ಚೆಂದ ಕಾಣಲೆಂದು ತನ್ನದೊಂದು ಫೋಟೊ ಹಾಕಿ, ಅದರ ಕೆಳಗೆ ಬರೆದದ್ದನ್ನು ಸೇರಿಸಿ ಕಳಿಸಿದಳು. ‘ಇಷ್ಟು ವರ್ಷದ ಪ್ರೀತಿಗೆ ಋಣಿ. ತಪ್ಪಿದ್ದರೆ ಕ್ಷಮಿಸಿ, ನಾನು ಹೊರಡುತ್ತಿದ್ದೇನೆ’ ಅನ್ನುವಷ್ಟು ಮಾತ್ರ ಕಾಣಿಸಿತು. ಡಾಕ್ಟರು ಫೋನ್ ನೋಡಬೇಡಿ ಅಂದದ್ದು, ಬೇಕಾದಾಗ ಕರೆ ಮಾಡಿ ಅಂದದ್ದು ಎಲ್ಲ ‘ಇನ್ನಷ್ಟು ಓದಿ’ಯ ಹಿಂದೆ ಉಳಿಯಿತು.

ಯಾರು ಏನಂತಾರೋ ನೋಡಿಕೊಂಡೇ ಎಕ್ಸಿಟ್ ಆಗೋಣವೆಂದು ಕಾದಳು. ಯಾರೋ ‘ಓಂ ಶಾಂತಿ’ ಎಂದರು. ಮೊದಲನೆಯವರು ಹಾಕಿದ್ದನ್ನೇ ಉಳಿದವರೂ ಹಾಕುವುದು ಆ ಗುಂಪಿನ ವಾಡಿಕೆ. ಐದೇ ನಿಮಿಷದಲ್ಲಿ ನಲವತ್ತು ಓಂ ಶಾಂತಿ ಬಂದು ಬಿದ್ದವು. ಅದರಲ್ಲಿ ಜೀವದ ಗೆಳತಿ ಸರ್ವಮಂಗಳೆಯದೂ ಒಂದು.

ಕುಮುದಿನಿ ತಕ್ಷಣ ಅವಳಿಗೆ ಫೋನ್ ಮಾಡಿದಳು. “ಹಲೋ” ಅನ್ನುವಷ್ಟರಲ್ಲೇ ಸರ್ವಮಂಗಳೆ ಶುರು ಮಾಡಿದಳು:

“ಅಮ್ಮನ ವಿಷಯ ನೋಡಿದೆ ಪುಟ್ಟಾ. ಮಣ್ಣಿಗೆ ಬರೋಕಾಗಲ್ಲ ಕಣಮ್ಮ, ಪಾರ್ಲರಲ್ಲಿ ತಲೆಗೆ ಬಣ್ಣ ಹಚ್ಚಿಸ್ಕೊಂಡು ಕೂತಿದ್ದೀನಿ. ಗುಂಪಲ್ಲಿ ಹಾಕಿದ್ದೀನಲ್ಲ.”