ಒತ್ತಿಲ್ಲದ ಕಥೆ

ಮಗಳು ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಕೊನೆಯ ಪುಟ ಓದಿ ಮುಗಿಸಿದಳು. "ಮೊಲದ ಮರಿ ಮನೆಗೆ ಬಂತು. ಬಾಗಿಲು ಹಾಕಿತು. ಹಾಡು ಹಾಡಿತು. ಮಲಗಿತು." ಆಮೇಲೆ ಹಾಳೆಯ ಹಿಂಬದಿ ತಿರುಗಿಸಿ ನೋಡಿ ಕೇಳಿದಳು, "ಅದರ ಅಮ್ಮ ಎಲ್ಲಿ?"

ಕಥೆ ಬರೆದವಳು ಅಮ್ಮನೇ. ನರ್ಸ್ ಆಗಿದ್ದ ಅವಳಿಗೆ ಯಾವಾಗಲೂ ಸಂಜೆ ಪಾಳಿ. ಮಗಳನ್ನು ಮಲಗಿಸುತ್ತಿದ್ದದ್ದು ಅಪ್ಪ. ಇವತ್ತು ರಜೆ ಸಿಕ್ಕಿತ್ತು. ಮಗಳು ತಾನಾಗಿಯೇ ಓದಲಿ ಎಂದು, ಒತ್ತಕ್ಷರ ಒಂದೂ ಬರದ ಹಾಗೆ ಪುಟ್ಟ ಪುಟ್ಟ ಪದ ಆರಿಸಿ, ನಡುವೆ ಜಾಗ ಬಿಟ್ಟು, ದಪ್ಪಗೆ ಬರೆದಿದ್ದಳು.

"ಅಮ್ಮ ಅಂತ ಬರೆದರೆ ಒತ್ತು ಬರುತ್ತಲ್ಲ ಪುಟ್ಟಿ. ನಿನಗೆ ಕಷ್ಟ ಆಗುತ್ತೆ ಅಂತ ಬಿಟ್ಟೆ."

"ಅದು ನನಗೆ ಬರುತ್ತೆ. ಅಪ್ಪ ಮೊದಲು ಕಲಿಸಿದ್ದೇ ಅದನ್ನ. ಮ ಬರೆದು, ಕೆಳಗೆ ಮ ಒತ್ತು ಕೊಡಬೇಕು."

ಅಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಹೇಳಿದ ನೆಪವೂ ಸುಳ್ಳು. ತಾಯಿ ಎಂದು ಬರೆಯಬಹುದಿತ್ತು, ಅದರಲ್ಲಿ ಒತ್ತಿಲ್ಲ. ಮರಿಯನ್ನು ಒಂಟಿಯಾಗಿ ಮಲಗಿಸುವಾಗ ಅವಳಿಗೆ ಏನೂ ಅನ್ನಿಸಿರಲೇ ಇಲ್ಲ.

"ಇಲ್ಲ ಕಂದ, ನಾನು ಮರೆತುಬಿಟ್ಟೆ" ಎಂದು ಪೆನ್ಸಿಲ್ ಕೊಟ್ಟಳು. "ನೀನೇ ಬರಿ."

"ಎಲ್ಲಿ ಬರೀಲಿ?"

"ಬಾಗಿಲು ಹಾಕೋಕೆ ಮುಂಚೆ."