ಗೈರಾದ ಎಂಟು ಮಂದಿ

ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುವ ತಂಗಿ ನೋಟ್‌ಬುಕ್ಕನ್ನು ಮೇಜಿಗೆ ಕುಕ್ಕಿದ ರಭಸಕ್ಕೆ ಭೂಮಿಯೇ ಅರ್ಧ ಇಂಚು ಕುಸಿದಿರಬೇಕು. ನೂರು ಜನರ ಬೆನ್ನು ಬಿದ್ದು, ಏಳು ಜೊತೆ ಚಪ್ಪಲಿ ಸವೆಸಿ ತಂದ ಲೆಕ್ಕ ಕೊನೆಗೆ ಜ್ಯೋತಿಷಿ ಸೋದರಮಾವನ ಪರವಾಗಿಯೇ ನಿಂತಿತ್ತು! ನೌಕರಿ ಪರೀಕ್ಷೆ ಪಾಸಾಗುತ್ತೆ ಎಂದು ಅವನು ಹೇಳಿದ ಎಂಬತ್ತು ಮಂದಿಯಲ್ಲಿ ಅರವತ್ತು ಪಾಸು, ಅಂದರೆ ನೂರಕ್ಕೆ ಎಪ್ಪತ್ತೈದು. ಆಗಲ್ಲ ಎಂದ ಇಪ್ಪತ್ತರಲ್ಲಿ ಬರೀ ಒಂಬತ್ತು, ನೂರಕ್ಕೆ ನಲವತ್ತೈದು.

"ನೋಡಿದ್ಯೇನೇ? ನಿನ್ನ ಗಣಿತವೂ ನನ್ನ ಕಾಲಿಗೆ ಬಿತ್ತು," ಎಂದು ಮಾವ ಮೀಸೆ ತಿರುವಿದ. ಅವನಿಂದ ಆಗಲ್ಲ ಅನ್ನಿಸಿಕೊಂಡ ಅಕ್ಕ ಮೂಲೆಯಲ್ಲಿ ಕೂತು ಅವನ ಅಂಗಿ ಮಡಚುತ್ತಿದ್ದಳು. ಅವಳ ಈ ಸಲದ ಪರೀಕ್ಷೆಗೆ ಇನ್ನೊಂದೇ ಗಂಟೆಯಿತ್ತು.

ತಂಗಿ ಹಲ್ಲು ಕಡಿಯುತ್ತ, ಆ ಇಪ್ಪತ್ತರಲ್ಲಿ ಪಾಸಾಗದ ಹನ್ನೊಂದು ಹೆಸರುಗಳ ಮೇಲೆ ಬೆರಳಾಡಿಸಿದಳು. ಎಂಟರ ಮುಂದೆ ಅವಳದೇ ಕೈಬರಹ: ಗೈರು.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮಾವ, ಈ ಎಂಟು ಜನ ನಿಮ್ಮ ಮಾತು ಕೇಳಿ ಪರೀಕ್ಷೆಗೇ ಹೋಗಿಲ್ಲ. ಹೋದ ಹನ್ನೆರಡರಲ್ಲಿ ಒಂಬತ್ತು ಪಾಸು. ಅದೂ ಎಪ್ಪತ್ತೈದೇ! ಆ ಎಂಬತ್ತು ಜನ ಎಲ್ಲರೂ ಬರೆದಿದ್ರು. ಬರೆದೋರಿಗೆ ನೀವು ಹೂಂ ಅಂದ್ರೂ ಅಷ್ಟೇ, ಊಹೂಂ ಅಂದ್ರೂ ಅಷ್ಟೇ."

"ಹೋಗಲ್ಲ ಅನ್ನೋದೂ ಅವರ ಜಾತಕದಲ್ಲೇ ಇತ್ತು ಕಣೇ," ಎಂದ ಮಾವ.

ಅಕ್ಕನ ಕೈ ನಿಂತಿತು. "ಹಾಗಾದ್ರೆ ಒಂಬತ್ತನೇ ಗೈರು ನಾನಾ?"

ಅವಳು ಎದ್ದು, ಅರ್ಧ ಮಡಚಿದ ಅಂಗಿಯನ್ನು ಮಾವನ ತೊಡೆಯ ಮೇಲೆ ಹಾಕಿದಳು. "ಉಳಿದದ್ದು ನೀವೇ ಮಡಚ್ಕೊಳ್ಳಿ," ಎಂದವಳೇ ಚಪ್ಪಲಿ ಮೆಟ್ಟಿದಳು.