ಒಡೆಯದೆ ತಿಳಿಯುವುದು

ರೇಣುಕಪ್ರಸಾದ್ ಮೂರನೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದ. ಲೊಟಕ್ ಎಂದಿತು.

"ಇದು ಆಗೈತೆ. ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪು ಬಿಟ್ಟೈತೆ. ಅವೆರಡನ್ನ ವಾಪಸ್ ಅಟ್ಟಕ್ಕೆ ಹಾಕಿ, ಒಳಗಿನ್ನೂ ನೀರಾಡ್ತಾವೆ."

ಗಂಗಲಕ್ಷ್ಮಿ ಮೇಡಂ ಮೂರನೆಯದನ್ನು ಒಡೆಸಿದರು. ಉಂಡೆ ಕೊಬ್ಬರಿ ಇಡಿಯಾಗಿ ಹೊರಗೆ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಶಾಲೆಯ ವಿಜ್ಞಾನ ದಿನಕ್ಕೆ ಬಹುಮಾನ ಕೊಡಲು ಬಂದ ತನ್ನನ್ನು ಪಾಠಕ್ಕೇ ಎಳೆದುಕೊಂಡಿದ್ದು ರೇಣುಕಪ್ರಸಾದನಿಗೂ ಖುಷಿಯಾಗಿತ್ತು. ತುರುವೇಕೆರೆ ರಸ್ತೆಯಲ್ಲಿ ಎಣ್ಣೆ ಮಿಲ್ಲು ಇಟ್ಟವನು ಅವನು. ಮಕ್ಕಳಿಗೆ ಬಹುಮಾನವಾಗಿ ತಂದಿದ್ದ ಎಣ್ಣೆ ಬಾಟಲಿಗಳು ವೇದಿಕೆಯ ಮೇಜಿನ ಮೇಲೆ ಬಿಸಿಲಿಗೆ ಮಿಂಚುತ್ತಿದ್ದವು.

"ಒಡೀದೆ ಒಳಗಿಂದು ಹೆಂಗೆ ಗೊತ್ತಾಯ್ತು?" ಮೇಡಂ ಕೇಳಿದರು.

"ಸದ್ದಿಂದ!"

"ಇವತ್ತಿನ ನಮ್ಮ ಅತಿಥಿ ಡಾಕ್ಟರ್ ಭಾನುಪ್ರಿಯಾ ಅವ್ರು ಮಾಡೋದೂ ಅದೇ. ಇವ್ರು ಸದ್ದಿನ ಬದ್ಲು ಬೆಳಕನ್ನ ಕೇಳಿಸ್ಕೋತಾರೆ. ಅರಳಗುಪ್ಪೆಯವ್ರೇ ಕಣ್ರೋ, ಹೊರಗಿನವ್ರಲ್ಲ."

ಅತಿಥಿಯ ಪದವಿಗಳ ಪಟ್ಟಿಯನ್ನು ಮೇಡಂ ಓದಲೇ ಇಲ್ಲ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿ ತೂಗುಹಾಕಿದ್ದ ಕಾಯಿಯ ಹತ್ತಿರ ಹೋಗಿ, ಕೈಯಲ್ಲಿದ್ದ ಚೆಂಡನ್ನು ಮೊದಲು ಗೋಡೆಗೆ ಎಸೆದರು. ಹೋದ ರಭಸದಲ್ಲೇ ಅದು ವಾಪಸ್ ಬಂತು. ಆಮೇಲೆ ಕಾಯಿಗೆ ಎಸೆದರು. ಕಾಯಿ ತೂಗಾಡಿತು, ಚೆಂಡು ಸುಸ್ತಾದ ಹಾಗೆ ಕೆಳಗೆ ಬಿದ್ದು ಉರುಳಿತು.

"ಚೆಂಡಿನ ಶಕ್ತಿ ಎಲ್ಲಿ ಹೋಯ್ತು?"

"ಕಾಯಿ ತಗೊಂತು ಮೇಡಂ," ಒಂಬತ್ತನೇ ತರಗತಿಯ ಧನ್ಯಶ್ರೀ ಅಂದಳು. "ಅದಕ್ಕೇ ತೂಗ್ತಾ ಐತೆ."

"ಸರಿ. ಸರ್ ಸಿ. ವಿ. ರಾಮನ್ ಕಂಡಿದ್ದು ಇದನ್ನೇ. ಪ್ರತಿಯೊಂದು ವಸ್ತುವಿನ ಅಣುಗಳೂ ಒಳಗೊಳಗೇ ಅಲುಗಾಡ್ತಾ ಇರ್ತವೆ. ಒಂದೇ ಬಣ್ಣದ ಬೆಳಕು ಬಿಟ್ರೆ, ಕೋಟಿಗೆ ಒಂದು ಪಾಲು ಬಿಟ್ಟು ಉಳಿದಿದ್ದೆಲ್ಲ ಗೋಡೆಗೆ ಹೊಡೆದ ಚೆಂಡಿನ ಹಾಗೆ, ಹೋದ ಹಾಗೇ ಬತ್ತದೆ. ಆ ಒಂದು ಪಾಲು ಮಾತ್ರ ಅಣುವಿಗೆ ಸ್ವಲ್ಪ ಶಕ್ತಿ ಕೊಟ್ಟು ಬತ್ತದೆ."

ಭಾನುಪ್ರಿಯಾ ನಗುತ್ತಾ ಮೈಕಿಗೆ ಬಾಗಿದಳು. "ಮೇಡಂ ಹೇಳಿದ್ದು ಸರಿ, ಒಂದು ಕಡೆ ಮಾತ್ರ ಹುಷಾರು. ಶಕ್ತಿ ಕೊಟ್ಟ ಚೆಂಡು ನಿಧಾನ ಆಯ್ತು. ಬೆಳಕು ನಿಧಾನ ಆಗಲ್ಲ, ಬಣ್ಣ ಬದಲಾಗುತ್ತೆ. ಕೆಂಪಿನ ಕಡೆ ಒಂಚೂರು ಸರಿಯುತ್ತೆ. ಎಷ್ಟು ಸರೀತು ಅಂತ ಅಳೆದ್ರೆ, ಯಾವ ಅಣು ಅಂತ ಹೇಳ್ಬಹುದು."

ರೇಣುಕಪ್ರಸಾದನಿಗೆ ಎಲ್ಲ ಅರ್ಥವಾಯಿತು. ಇಷ್ಟು ಚೆನ್ನಾಗಿ ಯಾರೂ ತನಗೆ ವಿಜ್ಞಾನ ಹೇಳಿಕೊಟ್ಟಿರಲಿಲ್ಲ ಅನ್ನಿಸಿತು.

ಭಾನುಪ್ರಿಯಾ ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಉಪಕರಣ ತೆಗೆದಳು. ಲೇಸರ್ ಕಣ್ಣಿಗೆ ಬೀಳಬಾರದು ಎಂದು ಮಕ್ಕಳನ್ನೆಲ್ಲ ಹಿಂದೆ ಸರಿಸಿದಳು. ಪಾರದರ್ಶಕ ಡಬ್ಬಿಯೊಳಗಿನ ಸಕ್ಕರೆಗೆ ಹಿಡಿದಾಗ, ಮುಚ್ಚಳ ತೆಗೆಯದೆಯೇ ಉಪಕರಣದ ಪರದೆಯ ಮೇಲೆ ಬೆಟ್ಟಸಾಲಿನ ಹಾಗೆ ಗೆರೆ ಮೂಡಿತು. ಸೀಮೆಸುಣ್ಣಕ್ಕೆ ಬೇರೆ ಸಾಲು.

"ಮಿಸ್," ಧನ್ಯಶ್ರೀ ಎದ್ದು ನಿಂತಳು. "ಎಣ್ಣೆಗೆ ಬೇರೆ ಎಣ್ಣೆ ಬೆರೆಸಿದ್ರೆ ಗೊತ್ತಾಗ್ತದಾ?"

"ಗೊತ್ತಾಗುತ್ತೆ. ತೆಂಗಿನೆಣ್ಣೆಯ ಅಣುಗಳಲ್ಲಿ ಇಂಗಾಲ ಇಂಗಾಲದ ನಡುವೆ ಹೆಚ್ಚುಕಡಿಮೆ ಎಲ್ಲವೂ ಒಂಟಿ ಕೊಂಡಿ. ಬೆರಸೋಕೆ ಬಳಸೋ ಅಗ್ಗದ ತಾಳೆಯೆಣ್ಣೆ, ಪಾಮೋಲಿನ್‌ನಲ್ಲಿ ಜೋಡಿ ಕೊಂಡಿ ತುಂಬಾ ಇರ್ತವೆ. ಜೋಡಿ ಕೊಂಡಿ ಬಿಗಿ, ಅಲುಗಾಡೋ ರೀತೀನೇ ಬೇರೆ. ತೆಂಗಿನೆಣ್ಣೇಲಿ ಸಣ್ಣ ದಿಣ್ಣೆ ಇರೋ ಜಾಗದಲ್ಲಿ ದೊಡ್ಡ ಗುಡ್ಡ ಎದ್ದು ಬಿಡುತ್ತೆ."

"ಬಾಟ್ಲಿ ಒಡೀದೇನೇ?"

"ಬಿರಡೆನೂ ತೆಗೀಬೇಕಾಗಿಲ್ಲ."

ರೇಣುಕಪ್ರಸಾದ್ ಮೇಜಿನ ಕಡೆ ನೋಡಲಿಲ್ಲ. ಕೊಬ್ಬರಿ ರೇಟು ಮೇಲೇರಿದ ಮೇಲೆ, ಸಂಕ್ರಾಂತಿಯಿಂದೀಚೆಗೆ, ಮಿಲ್ಲಿನ ಪ್ರತಿ ಡ್ರಮ್ಮಿಗೂ ಅವನು ಕಾಲು ಭಾಗ ಪಾಮೋಲಿನ್ ಸುರಿಸುತ್ತಿದ್ದ. ಬಣ್ಣ ಹೊಂದಿತ್ತು, ವಾಸನೆಯೂ ಹೊಂದಿತ್ತು. ನೊಣವಿನಕೆರೆಯಲ್ಲಾಗಲಿ ತಿಪಟೂರಿನಲ್ಲಾಗಲಿ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಲೇಬಲ್ಲಿನ ಮೇಲೆ ಅವನ ಅಪ್ಪನ ಫೋಟೋ ಇತ್ತು.

"ಎಣ್ಣೆ ನೋಡಣ ಮಿಸ್! ಎಣ್ಣೆ!" ಮಕ್ಕಳು ಕೂಗಿದರು.

"ಹೊತ್ತಾಗ್ತದೆ ಕಣ್ರಪ್ಪಾ, ಬಹುಮಾನ ಕೊಟ್ಟು ಬುಡೋಣ," ಅಂದ ರೇಣುಕಪ್ರಸಾದ್.

"ಅರ್ಧ ನಿಮಿಷ ಅಷ್ಟೇ ಸರ್," ಭಾನುಪ್ರಿಯಾ ಆಗಲೇ ಒಂದು ಬಾಟಲಿ ಎತ್ತಿಕೊಂಡಿದ್ದಳು. ಅವಳ ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. "ಅಸಲಿ ತೆಂಗಿನೆಣ್ಣೆಯ ಗೆರೆ ಹೇಗಿರುತ್ತೆ ಅಂತ ಮಕ್ಕಳು ನೋಡ್ಲಿ. ಮನೇಲಿ ನಮ್ಮಮ್ಮ ತರಿಸೋದೂ ನಿಮ್ಮದೇ ಎಣ್ಣೆ."

"ಬಿಸ್ಲಾಗೆ ಇಟ್ಟಿದ್ದು, ಕೆಟ್ಟಿದ್ರೂ ಕೆಟ್ಟಿರ್ತದೆ."

"ಇಷ್ಟು ಹೊತ್ತಿನ ಬಿಸಿಲಿಗೆ ಏನೂ ಆಗಲ್ಲ ಸರ್."

"ಹೂಂ ಅನ್ನಿ ಪ್ರಸಾದಣ್ಣ," ಗಂಗಲಕ್ಷ್ಮಿ ಮೇಡಂ ಹುರುಪಿನಿಂದ ಹೇಳಿದರು. "ನಿಮ್ಮನ್ನ ನೋಡೇ ಮಕ್ಕಳು ಕಲ್ತಿದ್ದು, ಇದನ್ನೂ ನಿಮ್ಮ ಕೈಲೇ ಮಾಡ್ಸಣ."

ಭಾನುಪ್ರಿಯಾ ಉಪಕರಣವನ್ನು ಬಾಟಲಿಗೆ ಒತ್ತಿ ಹಿಡಿದು, ಹಸಿರು ಗುಂಡಿಯನ್ನು ಅವನ ಕಡೆ ತಿರುಗಿಸಿದಳು. ಮಕ್ಕಳು ತುದಿಗಾಲಲ್ಲಿ ನಿಂತು ಪರದೆಯನ್ನೇ ನೋಡುತ್ತಿದ್ದರು.

"ನೀವೇ ಒತ್ತಿ ಸರ್."

ರೇಣುಕಪ್ರಸಾದ್ ಎರಡೂ ಕೈಗಳನ್ನು ಪಂಚೆಯ ಮೇಲೆ ಊರಿಕೊಂಡು ಕೂತ. ಮೈಕು ಇನ್ನೂ ಆನ್ ಆಗಿತ್ತು.

"ನಾನು ಒತ್ತಲ್ಲ," ಅಂದ.